‘ಇಷ್ಟೇನಾ? ಇರ್ಲಿ ಬಿಡಿ’: ಮೂರು ಶಬ್ದದ ಮೆಸೇಜು, ಒಂದು ಕಿಟಕಿಯ ಕತೆ

ಗುರುವಾರ ರಾತ್ರಿ ಹನ್ನೆರಡೂವರೆಗೆ ವಾಟ್ಸ್‌ಆಪಿನಲ್ಲಿ ಒಂದು ಮೆಸೇಜು ಬಂತು. ಮೂರೇ ಶಬ್ದ. "ಇಷ್ಟೇನಾ? ಇರ್ಲಿ ಬಿಡಿ."

ಕಳಿಸಿದವರು ಸೌದಿಯ ಜುಬೈಲಿನಲ್ಲಿ ದುಡಿಯುವ ನಮ್ಮ ಒಬ್ಬ ಪಾರ್ಟಿ. ನಾವು ಅಣ್ಣ ತಮ್ಮ ಇಬ್ಬರು ಉಳ್ಳಾಲದ ಕಡೆ ಮನೆ ಕಟ್ಟಿಕೊಡುವ ಸಣ್ಣ ಕಂಟ್ರಾಕ್ಟ್ ಕೆಲಸ ಮಾಡಿಕೊಂಡಿರುವವರು. ನಮ್ಮ ಹೆಚ್ಚಿನ ಪಾರ್ಟಿಗಳು ಗಲ್ಫಿನಲ್ಲಿದ್ದಾರೆ. ಪಾಯ ತೆಗೆಯುವಾಗ ಒಮ್ಮೆ, ಗೃಹಪ್ರವೇಶಕ್ಕೆ ಒಮ್ಮೆ ಊರಿಗೆ ಬರುತ್ತಾರೆ. ನಡುವಿನ ಇಡೀ ಮನೆ ಫೋಟೋದಲ್ಲಿ, ವಾಯ್ಸಿನಲ್ಲಿ, ಮೆಸೇಜಿನಲ್ಲಿಯೇ ಏಳುವುದು. ನಾಲ್ಕು ಶಬ್ದದ ಮಾತಿನ ಮೇಲೆ ನಾವು ಕಲ್ಲು ಇಡುತ್ತೇವೆ, ಕಾಂಕ್ರೀಟು ಹಾಕುತ್ತೇವೆ. ಹಾಗಾಗಿ ಆ ಮಾತಿನ ಧಾಟಿ ತಪ್ಪಿ ಅರ್ಥ ಆದರೆ ನಷ್ಟ ಬರೇ ಮನಸ್ಸಿಗಲ್ಲ, ಗೋಡೆಗೂ ಆಗುತ್ತದೆ. ಆ ರಾತ್ರಿಯ ಮೂರು ಶಬ್ದದಿಂದ ನಮಗೆ ಅದೇ ಆದದ್ದು.

ಅವರು ಕಟ್ಟಿಸುತ್ತಿದ್ದದ್ದು ಅವರ ಉಮ್ಮನಿಗೆ ಒಂದು ಮನೆ. ಕೆಂಪುಕಲ್ಲಿನ ಗೋಡೆ ಕಿಟಕಿಯ ಎತ್ತರಕ್ಕೆ ಬಂದಿತ್ತು. ಅಲ್ಯೂಮಿನಿಯಂ ಕಿಟಕಿ ಆದ ಕಾರಣ ಚೌಕಟ್ಟು ಆಮೇಲೆ, ಸದ್ಯಕ್ಕೆ ಗೋಡೆಯಲ್ಲಿ ಬಾಯಿ ಮಾತ್ರ ಬಿಟ್ಟಿದ್ದೆವು. ಗುರುವಾರ ಸಂಜೆ ಆರೂವರೆಗೆ ಮೂರು ಫೋಟೋ ಕಳಿಸಿ ಹೀಗೆ ಬರೆದಿದ್ದೆವು: "ಅಡುಗೆಮನೆ ಕಿಟಕಿ 4 ಅಡಿ, ಪ್ಲಾನಿನಲ್ಲಿ ಇದ್ದ ಹಾಗೆ. ಈ ವಾರದ ಕೆಲಸ ಇಲ್ಲಿಗೆ ಮುಟ್ಟಿದೆ. ಶನಿವಾರ ಲಿಂಟಲ್." ಸೌದಿಯ ಗಂಟೆ ನಮಗಿಂತ ಎರಡೂವರೆ ಗಂಟೆ ಹಿಂದೆ. ನಾವು ಕಳಿಸುವಾಗ ಅವರಲ್ಲಿ ಸಂಜೆ ನಾಲ್ಕು, ಡ್ಯೂಟಿಯ ಸಮಯ. ಊಟ ಮುಗಿಸಿ ರಾತ್ರಿ ಹತ್ತಕ್ಕೆ ನೋಡಿ ಉತ್ತರ ಹಾಕಿದ್ದರು. ನಮಗೆ ಆಗ ಹನ್ನೆರಡೂವರೆ.

ನಾವು ಓದಿದ ಹಾಗೆ ಅದರ ಅರ್ಥ ಇದು: "ಒಂದು ವಾರಕ್ಕೆ ಇಷ್ಟೇ ಕೆಲಸವಾ? ಇರಲಿ, ನಿಮಗೆ ಹೇಳಿ ಪ್ರಯೋಜನ ಇಲ್ಲ ಬಿಡಿ." ಹಾಗೆ ಓದಲು ನಮ್ಮಲ್ಲೇ ಕಾರಣ ಇತ್ತು. ಹಿಂದಿನ ವಾರ ಮಳೆಗೆ ಕಲ್ಲಿನ ಲಾರಿ ಬಂದಿರಲಿಲ್ಲ, ಮೇಸ್ತ್ರಿ ಎರಡು ದಿನ ರಜೆ ಹಾಕಿದ್ದರು. ಕೆಲಸ ಹಿಂದೆ ಬಿದ್ದದ್ದು ನಮಗೆ ಗೊತ್ತಿತ್ತು, ಅವರು ಕೇಳಿಯಾರು ಎಂದು ಒಳಗೊಳಗೇ ಹೆದರಿಕೆಯೂ ಇತ್ತು. ಹೆದರಿಕೊಂಡು ಕೂತವನಿಗೆ ಎಲ್ಲಾ ಮಾತೂ ಬೈಗುಳದ ಹಾಗೆಯೇ ಕೇಳುವುದು. ಆ ಹೊತ್ತಿಗೇ ಕೂತು ಹದಿನಾಲ್ಕು ಸಾಲು ಟೈಪ್ ಮಾಡಿದೆವು. ಲಾರಿಯ ಕತೆ, ಮಳೆಯ ಕತೆ, ಜನ ಸಿಗದ ಕತೆ, ಕೊನೆಗೆ "ಇದರಲ್ಲಿ ನಮ್ಮ ತಪ್ಪು ಎಂತದೂ ಇಲ್ಲ ಕಾಕ" ಎಂದು ಒಂದು ಸಾಲು.

ಅವರ ಉತ್ತರ ಒಂದೇ ಶಬ್ದ: "ಆಯ್ತು."

ಶನಿವಾರ ಲಿಂಟಲ್ ಹಾಕಿದೆವು. ಎರಡು ತಿಂಗಳ ಮೇಲೆ ಅವರು ರಜೆಯಲ್ಲಿ ಬಂದರು. ಅಷ್ಟರಲ್ಲಿ ಮೇಲಿನ ಸ್ಲ್ಯಾಬೂ ಆಗಿತ್ತು. ಅಡುಗೆಮನೆಯಲ್ಲಿ ನಿಂತು ಕಿಟಕಿಯನ್ನೇ ನೋಡಿದರು. "ನಾನು ಅವತ್ತು ಕೇಳಿದೆನಲ್ಲ, ಇಷ್ಟೇನಾ ಅಂತ. ನೀವು ಎಂತದೋ ಲಾರಿ ವಿಷಯ ಹೇಳಿದ್ರಿ. ಪಾಪ, ಇವರೇ ಕಷ್ಟದಲ್ಲಿದ್ದಾರೆ, ಇನ್ನು ಕಿಟಕಿ ಅಗಲ ಮಾಡಿ ಅಂತ ಹೇಗೆ ಹೇಳುವುದು ಅಂತ ಸುಮ್ಮನಾದೆ."

ಅವರು ಕೇಳಿದ್ದು ಕಿಟಕಿಯನ್ನು. ವಾರದ ಕೆಲಸವನ್ನಲ್ಲ. ಪ್ಲಾನಿನ ಕಾಗದದಲ್ಲಿ ನಾಲ್ಕು ಅಡಿ ದೊಡ್ಡದಾಗಿಯೇ ಕಂಡಿತ್ತು, ಫೋಟೋದಲ್ಲಿ ಗೋಡೆಯ ನಡುವೆ ನೋಡಿದಾಗ ಸಣ್ಣದಾಗಿ ಕಂಡಿತು. ಉಮ್ಮನಿಗೆ ಕಣ್ಣು ಸ್ವಲ್ಪ ಮಂಜು, ಅಡುಗೆಮನೆಯಲ್ಲಿ ಬೆಳಕು ಬೇಕು. "ಇರ್ಲಿ ಬಿಡಿ" ಎಂದದ್ದು ಕೋಪದಿಂದಲ್ಲ. "ಈಗ ಬದಲಾಯಿಸಲು ಆಗದಿದ್ದರೆ ಬೇಡ, ತೊಂದರೆ ತೆಗೆದುಕೊಳ್ಳಬೇಡಿ" ಎಂಬ ಮರ್ಯಾದೆಯ ಮಾತು. ಬದಲಾಯಿಸಲು ಆಗುತ್ತದೆ ಎಂದು ನಾವು ಹೇಳುತ್ತೇವೆಯೋ ಎಂದು ಅವರು ಕಾದಿದ್ದರು. ನಾವು ಹೇಳಿದ್ದು ಲಾರಿಯ ವಿಷಯ.

ಶುಕ್ರವಾರ ಇದು ಗೊತ್ತಾಗಿದ್ದರೆ ಅರ್ಧ ದಿನದ ಕೆಲಸ. ಬಾಯಿಯ ಎರಡೂ ಬದಿಯಲ್ಲಿ ಅರ್ಧರ್ಧ ಅಡಿ ಕಲ್ಲು ಕತ್ತರಿಸಿ ತೆಗೆಯುವುದು, ಲಿಂಟಲಿನ ಸರಳು ಒಂದು ಅಡಿ ಉದ್ದ ಮಾಡುವುದು, ಅಷ್ಟೇ. ನಾಲ್ಕು ಅಡಿಯ ಬಾಯಿಗೆ ಎರಡೂ ಬದಿ ಅರ್ಧ ಅಡಿ ಗೋಡೆಯ ಮೇಲೆ ಕೂರುವಂತೆ ಐದು ಅಡಿಯ ಲಿಂಟಲ್, ಐದು ಅಡಿಗಾದರೆ ಆರು ಅಡಿಯದ್ದು. ಎರಡು ತಿಂಗಳ ಮೇಲೆ ಆದರೆ ಹಾಗಲ್ಲ. ಸ್ಲ್ಯಾಬಿನ ಅಡಿಗೆ ಜಾಕಿ ಕೊಟ್ಟು, ಲಿಂಟಲಿನ ಮೇಲಿನ ಕಲ್ಲು ಬಿಚ್ಚಿ, ಹಳೆಯ ಲಿಂಟಲ್ ಒಡೆದು, ಹೊಸದು ಹಾಕಿ, ಅದು ಗಟ್ಟಿಯಾಗುವ ತನಕ ಸೆಂಟ್ರಿಂಗ್ ಬಿಚ್ಚದೆ ಕಾಯಬೇಕು. ಅದನ್ನೇ ಮಾಡಿದೆವು. ಖರ್ಚು ಅರ್ಧ ಅವರು, ಅರ್ಧ ನಾವು. ಅವರು ಒಂದು ಮಾತೂ ಹೆಚ್ಚು ಹೇಳಲಿಲ್ಲ. ಆದರೆ ಆ ಖರ್ಚು ಇಬ್ಬರಲ್ಲಿ ಯಾರೂ ಕೊಡಬೇಕಾದದ್ದಾಗಿರಲಿಲ್ಲ.

ಬಾಯಲ್ಲಿ ಸ್ಪಷ್ಟ, ಬರಹದಲ್ಲಿ ಎರಡು ಅರ್ಥ

ಅವರು ಫೋನ್ ಮಾಡಿ ಇದೇ ಮಾತು ಹೇಳಿದ್ದರೆ ನಮಗೆ ತಪ್ಪುತ್ತಿರಲಿಲ್ಲ. ಸ್ವರದಲ್ಲೇ ಗೊತ್ತಾಗುತ್ತಿತ್ತು. ನಮ್ಮ ಕರಾವಳಿಯ ಮಾತಿನಲ್ಲಿ ಇಂತಹ ಶಬ್ದಗಳು ತುಂಬ ಉಂಟು. "ಇರ್ಲಿ" ಎಂದರೆ "ಅದೇ ಇರಲಿ, ಚಂದ ಉಂಟು" ಎಂದೂ ಆಗುತ್ತದೆ, "ಹೋಗಲಿ ಬಿಡಿ" ಎಂದೂ ಆಗುತ್ತದೆ. "ಸಾಕು" ಎಂದರೆ ಬೇಕಾದಷ್ಟಾಯಿತು ಎಂಬ ತೃಪ್ತಿಯೂ ಹೌದು, ಇನ್ನು ನಿಲ್ಲಿಸಿ ಎಂಬ ಬೇಸರವೂ ಹೌದು. "ಪರ್ವಾಗಿಲ್ಲ" ಎಂಬುದನ್ನು ಹೊಗಳುವಾಗಲೂ ಹೇಳುತ್ತೇವೆ, ಸಹಿಸಿಕೊಳ್ಳುವಾಗಲೂ ಹೇಳುತ್ತೇವೆ. "ನೋಡುವ" ಎಂಬುದು ಎಷ್ಟೋ ಸಲ ಮರ್ಯಾದೆಯ "ಬೇಡ". ಮಾತಾಡುವಾಗ ಸ್ವರ, ಮುಖ, ನಡುವಿನ ಒಂದು ನಿಮಿಷದ ಮೌನ ಇವೆಲ್ಲ ಸೇರಿ ಎರಡರಲ್ಲಿ ಒಂದನ್ನು ಆರಿಸಿಕೊಡುತ್ತವೆ. ಬರೆದಾಗ ಅವೆಲ್ಲ ಉದುರಿ ಹೋಗಿ ಶಬ್ದ ಮಾತ್ರ ಉಳಿಯುತ್ತದೆ.

ನಮ್ಮವರಲ್ಲಿ ಇನ್ನೊಂದು ಸೇರುತ್ತದೆ. ನಾವು ಯೋಚಿಸುವುದು ಬ್ಯಾರಿಯಲ್ಲಿ, ಬರೆಯುವುದು ಕನ್ನಡದಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ. ಮನೆಮಾತಿನಲ್ಲಿ ಮೆತ್ತಗೆ ಇದ್ದ ಮಾತು ಇನ್ನೊಂದು ಭಾಷೆಗೆ ದಾಟುವಾಗ ಒರಟಾಗುವುದುಂಟು. ಬರೆದವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅವರು ತಮ್ಮ ಸ್ವರದಲ್ಲೇ ಅದನ್ನು ಓದಿಕೊಳ್ಳುತ್ತಾರೆ.

ಈ ಕೊನೆಯ ಮಾತನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದಾರೆ. ಕೆಲವು ವಾಕ್ಯಗಳನ್ನು ನಿಜವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ತಲುಪಿಸಬೇಕು. ಓದಿದವರು ಯಾವುದು ಯಾವುದೆಂದು ಹೇಳಬೇಕು. ನೂರಕ್ಕೆ 78ರಷ್ಟು ಸರಿಯಾಗಿ ಹಿಡಿಯುತ್ತಾರೆ ಎಂದು ಕಳಿಸಿದವರು ನಂಬಿದ್ದರು. ಸ್ವರದಲ್ಲಿ ಕೇಳಿದವರು ಅದರ ಹತ್ತಿರಕ್ಕೆ ಬಂದರು, ಸುಮಾರು 73. ಇಮೇಲಿನಲ್ಲಿ ಓದಿದವರು ಹಿಡಿದದ್ದು 56 ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ. ಅಂದರೆ ಬರೆದ ಮಾತಿನ ಧಾಟಿಯನ್ನು ಊಹಿಸುವುದು ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚೇನೂ ಮೇಲಲ್ಲ. ನಾವು ಆ ರಾತ್ರಿ ಚಿಮ್ಮಿದ ನಾಣ್ಯ ತಪ್ಪು ಬದಿಗೆ ಬಿತ್ತು.

ಕೇಳಬೇಕಾ ಬೇಡವಾ, ಗೊತ್ತಾಗುವುದು ಹೇಗೆ

ಅಂದಿನಿಂದ ನಾವು ಅಣ್ಣ ತಮ್ಮ ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಸಂಶಯ ಬಂದ ಮೆಸೇಜನ್ನು ಎರಡು ಸಲ ಗಟ್ಟಿಯಾಗಿ ಓದುವುದು. ಒಮ್ಮೆ ನಗುಮುಖದಲ್ಲಿ, ಒಮ್ಮೆ ಹುಬ್ಬು ಗಂಟಿಕ್ಕಿ. ಎರಡೂ ಧಾಟಿಗೆ ಅದೇ ಶಬ್ದಗಳು ಸರಿಯಾಗಿ ಕೂತರೆ ಅದು ಎರಡರ್ಥದ ಮೆಸೇಜು. ಒಂದಕ್ಕೆ ಮಾತ್ರ ಕೂತರೆ ಸಂಶಯ ನಮ್ಮ ತಲೆಯಲ್ಲಿದೆ, ಮೆಸೇಜಿನಲ್ಲಿ ಇಲ್ಲ.

ಎರಡರ್ಥ ಉಂಟೆಂದು ಆದ ಕೂಡಲೇ ಕೇಳಬೇಕೆಂದೇನೂ ಇಲ್ಲ. ಮುಂದಿನದ್ದು ಕೆಲಸದ ಪ್ರಶ್ನೆ. ಈ ಅರ್ಥವಾದರೆ ನಾಳೆ ಎಂತ ಮಾಡುತ್ತೇವೆ, ಆ ಅರ್ಥವಾದರೆ ಎಂತ ಮಾಡುತ್ತೇವೆ? ಎರಡಕ್ಕೂ ಒಂದೇ ಕೆಲಸ ಎಂದಾದರೆ ಕೇಳುವ ಅಗತ್ಯ ಇಲ್ಲ. ಸಿಮೆಂಟಿನ ಬಿಲ್ಲು ಕಳಿಸಿದಾಗ "ಸರಿ ಸರಿ" ಎಂದು ಬಂದರೆ ಅವರು ಖುಷಿಯಲ್ಲಿ ಹೇಳಿದರೋ ಅವಸರದಲ್ಲಿ ಹೇಳಿದರೋ, ನಾವು ಮಾಡುವುದು ಬಿಲ್ಲು ಫೈಲಿಗೆ ಹಾಕುವುದನ್ನೇ. ಆದರೆ ಕಿಟಕಿಯ ಮೆಸೇಜಿನಲ್ಲಿ ಒಂದು ಅರ್ಥಕ್ಕೆ ಶನಿವಾರ ಲಿಂಟಲ್ ಹಾಕಬೇಕು, ಇನ್ನೊಂದು ಅರ್ಥಕ್ಕೆ ಹಾಕಲೇಬಾರದು. ಅಲ್ಲಿ ಕೇಳದೆ ಮುಂದೆ ಹೋಗಬಾರದಿತ್ತು.

ಇನ್ನೊಂದು ಗುರುತು ನಮ್ಮ ಕೈಯಲ್ಲೇ ಉಂಟು. ಅವರು ಬರೆದದ್ದು ಒಂದು ಸಾಲು, ನಾವು ಟೈಪ್ ಮಾಡುತ್ತಿರುವುದು ಹತ್ತು ಸಾಲು, ಅದರಲ್ಲೂ ನಮ್ಮ ತಪ್ಪಿಲ್ಲ ಎಂಬ ಸಾಲು ಬಂದಿದೆ ಎಂದಾದರೆ ನಾವು ಉತ್ತರ ಕೊಡುತ್ತಿರುವುದು ಅವರ ಮಾತಿಗಲ್ಲ, ನಮ್ಮ ಹೆದರಿಕೆಗೆ. ಅವತ್ತಿನ ಹದಿನಾಲ್ಕು ಸಾಲನ್ನು ಈಗ ತೆರೆದು ಓದಿದರೆ ಇದು ಸ್ಪಷ್ಟ ಕಾಣುತ್ತದೆ. ಅದರಲ್ಲಿ ‘ಕಿಟಕಿ’ ಎಂಬ ಶಬ್ದವೇ ಇಲ್ಲ.

ಕೇಳುವ ಕ್ರಮ

ಕೇಳಬೇಕೆಂದು ತೀರ್ಮಾನಿಸಿದ ಮೇಲೆ ಹೇಗೆ ಕೇಳುವುದು ಎಂಬುದೇ ದೊಡ್ಡ ವಿಷಯ. ಆ ರಾತ್ರಿಗೆ ಮತ್ತೆ ಹೋಗಿ ನಾವು ಎಂತ ಬರೆಯಬಹುದಿತ್ತು ಎಂದು ಒಂದೊಂದಾಗಿ ನೋಡುವ.

"ಎಂತ ಹೇಳಿದ್ದು ನೀವು?" ಇದು ಪ್ರಶ್ನೆಯೇ. ಆದರೆ ಇದಕ್ಕೂ ಎರಡು ಧಾಟಿ ಉಂಟು, ಜಗಳಕ್ಕೆ ಕರೆದ ಹಾಗೂ ಕೇಳುತ್ತದೆ. ಅವರ ಗೊಂದಲದ ಮೆಸೇಜಿಗೆ ನಮ್ಮದೊಂದು ಗೊಂದಲದ ಮೆಸೇಜು.

"ಅರ್ಥ ಆಗ್ಲಿಲ್ಲ ಕಾಕ." ಇದು ಸೌಮ್ಯವಾಗಿದೆ, ಆದರೆ ಎಲ್ಲಾ ಕೆಲಸವನ್ನೂ ಅವರ ಮೇಲೆ ಹಾಕುತ್ತದೆ. ಎಂತ ಅರ್ಥ ಆಗಲಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹೆಚ್ಚಿನವರು ಅದೇ ಮಾತನ್ನು ಮತ್ತೊಮ್ಮೆ ಬರೆಯುತ್ತಾರೆ, ಇಲ್ಲವೇ "ಎಂತ ಇಲ್ಲ, ಬಿಡಿ" ಎಂದು ಮುಗಿಸುತ್ತಾರೆ.

"ನಿಮಗೆ ಕೋಪ ಬಂತಾ ಕಾಕ?" ನಮಗೆ ಮೊದಲು ಬಾಯಿಗೆ ಬರುವುದು ಇದು. ಆದರೆ ಇದಕ್ಕೆ ಬರುವ ಉತ್ತರ ಯಾವಾಗಲೂ ಒಂದೇ: "ಛೆ, ಇಲ್ಲಪ್ಪ." ನಿಜವಾಗಿ ಕೋಪ ಬಂದವರೂ ಹಾಗೆಯೇ ಹೇಳುತ್ತಾರೆ, ಮರ್ಯಾದೆಗೆ. ಕೋಪ ಬಾರದವರಿಗೆ "ನಾನು ಹಾಗೆ ಬರೆದೆನಾ?" ಎಂದು ಕಸಿವಿಸಿ. ಎರಡೂ ಸಲ ಕಿಟಕಿಯ ವಿಷಯ ಅಲ್ಲೇ ಉಳಿಯುತ್ತದೆ. ಧಾಟಿ ಗೊತ್ತಾಗದಾಗ ಧಾಟಿಯನ್ನೇ ಕೇಳಿ ಪ್ರಯೋಜನ ಇಲ್ಲ, ಕೆಲಸವನ್ನು ಕೇಳಬೇಕು. ಕೆಲಸದ ಉತ್ತರ ಬಂದರೆ ಧಾಟಿ ತಾನೇ ಗೊತ್ತಾಗುತ್ತದೆ.

ಈಗ ನಾವು ಬರೆಯುವ ಕ್ರಮ ಇದು:

"ಕಾಕ, ‘ಇಷ್ಟೇನಾ’ ಅಂತ ಹೇಳಿದ್ದು ಕಿಟಕಿಯ ಅಗಲಕ್ಕಾ, ಈ ವಾರದ ಕೆಲಸಕ್ಕಾ? ಕಿಟಕಿ ಆದ್ರೆ 5 ಅಡಿ ಮಾಡ್ಲಿಕ್ಕೆ ಆಗ್ತದೆ, ಲಿಂಟಲ್ ಹಾಕುವ ಮುಂಚೆ ಆದ್ರೆ ಅರ್ಧ ದಿನದ ಕೆಲಸ. ವಾರದ ಕೆಲಸ ಆದ್ರೆ ಎಲ್ಲಿ ಹಿಂದೆ ಬಿದ್ದಿದೆ ಅಂತ ನಾಳೆ ಹೇಳ್ತೇವೆ. ನಿಮ್ಮ ಮಾತು ಬರುವ ತನಕ ಆ ಗೋಡೆ ಮುಟ್ಟುವುದಿಲ್ಲ."

ಇದರಲ್ಲಿ ಮೊದಲನೆಯದು, ಅವರದೇ ಶಬ್ದವನ್ನು ಹಾಗೇ ಎತ್ತಿ ಇಟ್ಟಿದ್ದೇವೆ. ಯಾವ ಮಾತಿನ ಬಗ್ಗೆ ಕೇಳುತ್ತಿದ್ದೇವೆ ಎಂದು ಅವರು ಹುಡುಕಬೇಕಾಗಿಲ್ಲ. ಎರಡನೆಯದು, ನಮಗೆ ಹೊಳೆದ ಎರಡೂ ಅರ್ಥವನ್ನು ಮುಂದಿಟ್ಟಿದ್ದೇವೆ. ಅವರು ಒಂದು ಶಬ್ದದಲ್ಲಿ ಉತ್ತರ ಕೊಡಬಹುದು: "ಕಿಟಕಿ." ಡ್ಯೂಟಿಯ ನಡುವೆ, ಬಸ್ಸಿನಲ್ಲಿ ನಿಂತುಕೊಂಡು ಉತ್ತರಿಸುವವರಿಗೆ ಇದು ದೊಡ್ಡ ಉಪಕಾರ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಎರಡು ಅರ್ಥಗಳಲ್ಲಿ ಯಾವುದನ್ನು ಆರಿಸಿದರೂ ಅವರು ಕೆಟ್ಟವರಾಗಿ ಕಾಣಬಾರದು. "ಕಿಟಕಿ ಬಗ್ಗೆ ಕೇಳಿದ್ದಾ ಅಥವಾ ನಮ್ಮ ಮೇಲೆ ಬೇಸರವಾ" ಎಂದು ಇಟ್ಟರೆ ಎರಡನೆಯದನ್ನು ಯಾರೂ ಆರಿಸುವುದಿಲ್ಲ, ಅದು ನಿಜವಾಗಿದ್ದರೂ. "ವಾರದ ಕೆಲಸಕ್ಕಾ" ಎಂದು ಇಟ್ಟರೆ ಬೇಸರ ಇದ್ದವರು ಅದರ ಮೇಲೆ ಕೈ ಇಡಬಹುದು, ಬೇಸರ ಎಂದು ಹೇಳದೆಯೇ.

ಮೂರನೆಯದು, ಆ ಅರ್ಥವಾದರೆ ನಾವು ಎಂತ ಮಾಡಬಲ್ಲೆವು, ಎಷ್ಟು ಕೆಲಸ ಎಂದು ಹೇಳಿದ್ದೇವೆ. ನಮ್ಮ ಪಾರ್ಟಿಗೆ ಬೇಕಾಗಿದ್ದದ್ದು ಇದೇ ಒಂದು ಸಾಲು. ಬದಲಾಯಿಸಲು ಆಗುತ್ತದೆ ಎಂದು ಗೊತ್ತಿಲ್ಲದ ಕಾರಣವೇ ಅವರು "ಇರ್ಲಿ ಬಿಡಿ" ಎಂದದ್ದು. ಕೊನೆಯದು, ಉತ್ತರ ಬರುವ ತನಕ ಯಾವ ಕೆಲಸ ನಿಲ್ಲುತ್ತದೆ ಎಂದು ಹೇಳಿದ್ದೇವೆ. ಬಾಯಲ್ಲಿ ಕೇಳುತ್ತಾ ಕೈಯಲ್ಲಿ ಕಾಂಕ್ರೀಟು ಹಾಕಿದರೆ ಅದು ಕೇಳಿದ್ದಲ್ಲ, ಕೇಳಿದ ಶಾಸ್ತ್ರ. ಸೌದಿಯಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಗುರುವಾರ ರಾತ್ರಿ ಇದನ್ನು ಕಳಿಸಿದ್ದರೆ ಶುಕ್ರವಾರ ಜುಮಾ ಮುಗಿಯುವಷ್ಟರಲ್ಲಿ ಉತ್ತರ ಬರುತ್ತಿತ್ತು. ಒಂದು ದಿನವೂ ಹಾಳಾಗುತ್ತಿರಲಿಲ್ಲ.

ಈ ರೀತಿ ಅರ್ಥವನ್ನೇ ಮುಂದಿಟ್ಟು ಕೇಳುವುದು ನಾವು ಕಂಡುಹಿಡಿದದ್ದಲ್ಲ. ಎದುರುಬದುರು ಮಾತಾಡುವಾಗ ಜನ ಹೇಗೆ ಮತ್ತೆ ಕೇಳಿಕೊಳ್ಳುತ್ತಾರೆ ಎಂದು ಬೇರೆ ಬೇರೆ ಖಂಡಗಳ 12 ಭಾಷೆಗಳಲ್ಲಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂದಿದೆ. ಸರಾಸರಿ ಒಂದೂವರೆ ನಿಮಿಷದೊಳಗೆ ಒಮ್ಮೆಯಾದರೂ ಯಾರಾದರೊಬ್ಬರು "ಹಾಂ?", "ಯಾರು?", "ನಾಳೆಯಾ?" ಎಂದು ಕೇಳುತ್ತಾರಂತೆ. ತಮಗೆ ಅರ್ಧ ಅರ್ಥವಾಗಿದ್ದರೆ ಬರೇ "ಹಾಂ?" ಎನ್ನದೆ, ಅರ್ಥವಾದಷ್ಟನ್ನು ಹೇಳಿ ಉಳಿದದ್ದನ್ನು ಮಾತ್ರ ಕೇಳುತ್ತಾರಂತೆ, ಎದುರಿನವರಿಗೆ ಶ್ರಮ ಕಡಿಮೆಯಾಗಲಿ ಎಂದು. ಚಾ ಅಂಗಡಿಯಲ್ಲಿ ಕೂತಾಗ ನಾವೆಲ್ಲ ನಾಚಿಕೆ ಇಲ್ಲದೆ ಮಾಡುವ ಕೆಲಸವೇ ಇದು. ಫೋನು ಕೈಗೆ ಬಂದ ಕೂಡಲೇ ಮರೆತುಬಿಡುತ್ತೇವೆ.

ತಂಗಿಯ ‘ಪರ್ವಾಗಿಲ್ಲ’

ಗೋಡೆಯ ಕೆಲಸಕ್ಕೆ ಮಾತ್ರ ಅಲ್ಲ. ನಮ್ಮ ತಂಗಿ ಮನೆಯಲ್ಲೇ ಮದುವೆಯ ಗೌನು, ಬುರ್ಖಾ ಹೊಲಿಯುತ್ತಾಳೆ. ಒಂದು ನಿಕಾಹ್‌ನ ಗೌನಿಗೆ ಕುತ್ತಿಗೆಯ ಮಣಿಕೆಲಸ ಮುಗಿಸಿ ಫೋಟೋ ಕಳಿಸಿದಳು. ಮದುಮಗಳ ಅಕ್ಕನ ಉತ್ತರ ಬಂತು: "ಪರ್ವಾಗಿಲ್ಲ." ಮುಂದೆ ಚುಕ್ಕಿಯೂ ಇಲ್ಲ, ಹೂವಿನ ಚಿತ್ರವೂ ಇಲ್ಲ.

ಹಿಂದಿನ ಕಾಲದ ಅವಳಾಗಿದ್ದರೆ ಎರಡು ದಿನ ಮುಖ ಬಾಡಿಸಿಕೊಂಡು, ಹಾಗೆಯೇ ಹೊಲಿದು ಮುಗಿಸುತ್ತಿದ್ದಳು. ಈ ಸಲ ಬರೆದಳು: "ಪರ್ವಾಗಿಲ್ಲ ಅಂದ್ರೆ ಹೀಗೇ ಮುಂದೆ ಹೋಗ್ಲಾ, ಮಣಿ ಸ್ವಲ್ಪ ಬದಲಾಯಿಸ್ಲಾ? ಲೈನಿಂಗ್ ಇನ್ನೂ ಹಾಕಿಲ್ಲ, ಈಗ ಬಿಚ್ಚಿದ್ರೆ ಬಟ್ಟೆಗೆ ಎಂತದೂ ಆಗುದಿಲ್ಲ. ಲೈನಿಂಗ್ ಹಾಕಿದ ಮೇಲೆ ಕಷ್ಟ."

ಹತ್ತು ನಿಮಿಷದಲ್ಲಿ ವಾಯ್ಸ್ ಬಂತು. ಕೆಲಸ ತುಂಬ ಚಂದ ಉಂಟು, ಆದರೆ ನಡುವಿನ ಚಿನ್ನದ ಬಣ್ಣದ ಮಣಿ ಫೋಟೋದಲ್ಲಿ ಸ್ವಲ್ಪ ಹೆಚ್ಚು ಮಿನುಗುತ್ತದೆ, ಆಭರಣ ಹಾಕಿದರೆ ಎರಡೂ ಸೇರಿ ಜಾಸ್ತಿಯಾದೀತಾ ಎಂದು ಸಂಶಯ, ಹೇಳಿದರೆ ನಿನಗೆ ಬೇಸರವಾದೀತು ಎಂದು ಸುಮ್ಮನಿದ್ದೆ. ತಂಗಿ ನಡುವಿನ ಒಂದು ಸಾಲು ಮಣಿ ಮಾತ್ರ ಬಿಚ್ಚಿ ಮಸುಕಾದದ್ದನ್ನು ಕೂರಿಸಿದಳು. ಒಂದು ಮಧ್ಯಾಹ್ನದ ಕೆಲಸ.

ಎರಡು ಅರ್ಥಗಳಲ್ಲಿ ಯಾವುದೂ ಪೂರ್ತಿ ಸರಿಯಾಗಿರಲಿಲ್ಲ ಎಂಬುದನ್ನು ಗಮನಿಸಿ. ಹೊಗಳಿಕೆಯೂ ಇತ್ತು, ಸಣ್ಣ ಸಂಶಯವೂ ಇತ್ತು. ಆಯ್ಕೆ ಮುಂದಿಟ್ಟು ಕೇಳಿದರೂ ಮೂರನೆಯ ಉತ್ತರಕ್ಕೆ ಬಾಗಿಲು ಮುಚ್ಚುವುದಿಲ್ಲ. ಹೇಳಲಿಕ್ಕೆ ಅನುಮತಿ ಸಿಕ್ಕಿದ ಹಾಗೆ ಆಗುತ್ತದೆ, ಅಷ್ಟೇ.

‘ಇನ್‌ಶಾ ಅಲ್ಲಾಹ್, ನೋಡುವ’

ನಮ್ಮವರ ನಡುವೆ ಹೆಚ್ಚು ಜಾಗ್ರತೆ ಬೇಕಾದದ್ದು ಈ ಮಾತಿನಲ್ಲಿ. "ಮುಂದಿನ ಕಂತು ಯಾವಾಗ ಕಳಿಸ್ತೀರಿ ಕಾಕ?" ಎಂದು ಕೇಳಿದಾಗ "ಇನ್‌ಶಾ ಅಲ್ಲಾಹ್, ನೋಡುವ" ಎಂದು ಬಂದರೆ ಅದು ಕೊಡುತ್ತೇನೆ ಎಂಬ ಮಾತೂ ಆಗಬಹುದು, ಕೈಯಲ್ಲಿಲ್ಲ, ಕಾಯಿರಿ ಎಂಬುದೂ ಆಗಬಹುದು. "ಹೌದಾ ಅಲ್ಲವಾ ಹೇಳಿ" ಎಂದು ಇಲ್ಲಿ ಕೇಳಲಾಗದು. ಕೇಳಬಾರದು ಕೂಡ. ಅಲ್ಲಾಹನ ಹೆಸರಿನಲ್ಲಿ ಹೇಳಿದ ಮಾತನ್ನು ಸಂಶಯಿಸಿದ ಹಾಗೆ ಆಗುತ್ತದೆ, ಕೈಯಲ್ಲಿ ಹಣ ಇಲ್ಲದವರಿಗೆ ಅವಮಾನವೂ ಆಗುತ್ತದೆ.

ನಾವು ಮಾತನ್ನು ಮುಟ್ಟದೆ ನಮ್ಮ ಕೆಲಸದ ಮೇಲೆ ಪ್ರಶ್ನೆ ಇಡುತ್ತೇವೆ. "ಇನ್‌ಶಾ ಅಲ್ಲಾಹ್ ಕಾಕ. ಶನಿವಾರಕ್ಕೆ ಸರಳು ಹೇಳಿಡ್ಲಾ, ನಿಮ್ಮ ಫೋನ್ ಬಂದ ಮೇಲೆ ಹೇಳ್ಲಾ? ಒಂದು ವಾರ ನಿಂತ್ರೆ ಕೆಲಸಕ್ಕೆ ತೊಂದರೆ ಇಲ್ಲ." ಹಣ ಇದ್ದವರು "ಹೇಳಿಡಿ" ಎನ್ನುತ್ತಾರೆ. ಇಲ್ಲದವರು "ಫೋನ್ ಮಾಡ್ತೇನೆ" ಎನ್ನುತ್ತಾರೆ. ನಮಗೆ ಬೇಕಾದದ್ದು ಗೊತ್ತಾಯಿತು, ಅವರ ಕೈ ಖಾಲಿ ಎಂದು ಯಾರೂ ಬರೆಯಬೇಕಾಗಲಿಲ್ಲ. ಆದರೆ ಕೊನೆಯ ಸಾಲು ನಿಜವಾಗಿದ್ದರೆ ಮಾತ್ರ ಬರೆಯಬೇಕು. ನಿಂತರೆ ತೊಂದರೆ ಇದ್ದರೆ ಎಂತ ತೊಂದರೆ ಎಂದು ಹೇಳಲೇಬೇಕು.

ಕೇಳಬಾರದ ಜಾಗಗಳು

ಈ ಅಭ್ಯಾಸ ಹಿಡಿದ ಹೊಸತರಲ್ಲಿ ನಾವು ಅತಿ ಮಾಡಿದೆವು. ಪ್ರತಿ "ಓಕೆ"ಗೂ "ಓಕೆ ಅಂದ್ರೆ ಹೇಗೆ ಕಾಕ?" ಎಂದು ಕೇಳಿ ಒಬ್ಬರ ಹತ್ತಿರ ಬೈಸಿಕೊಂಡೆವು. ಅವರು ಹೇಳಿದ್ದು ಸರಿಯೇ: "ಎಲ್ಲವನ್ನೂ ನನ್ನ ಹತ್ತಿರ ಕೇಳುವುದಾದ್ರೆ ನಿಮಗೆ ಕಂಟ್ರಾಕ್ಟ್ ಕೊಟ್ಟದ್ದು ಯಾಕೆ?" ಮತ್ತೆ ತಿದ್ದಲು ಆಗುವ ಸಣ್ಣ ಕೆಲಸಕ್ಕೆ ಕೇಳುವುದಿಲ್ಲ, ನಮಗೆ ಸರಿ ಕಂಡದ್ದನ್ನು ಮಾಡಿ "ಹೀಗೆ ಮಾಡಿದ್ದೇವೆ" ಎಂದು ತಿಳಿಸುತ್ತೇವೆ. ಒಂದು ಮೆಸೇಜಿಗೆ ಒಂದೇ ಪ್ರಶ್ನೆ.

ಕೋಪ ಸ್ಪಷ್ಟ ಇರುವಾಗಲೂ ಕೇಳಬಾರದು. "ಮೂರು ಸಲ ಹೇಳಿದೆ, ಇನ್ನೂ ನಲ್ಲಿ ಸೋರ್ತಾ ಉಂಟು" ಎಂದು ಬಂದ ಮೆಸೇಜಿಗೆ ಒಂದೇ ಅರ್ಥ. ಅಲ್ಲಿ "ಯಾವ ಅರ್ಥದಲ್ಲಿ ಹೇಳಿದ್ದು" ಎಂದು ಕೇಳಿದರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ. ತಪ್ಪಾಯಿತು ಎಂದು ಹೇಳಿ, ಪ್ಲಂಬರ್ ಯಾವ ಗಂಟೆಗೆ ಬರುತ್ತಾರೆ ಎಂದು ತಿಳಿಸುವುದೇ ಉತ್ತರ.

ಒಂದು ಸಲ ಕೇಳಿಯೂ ಗೊಂದಲ ಹೋಗದಿದ್ದರೆ ಎರಡನೆಯ ಸಲ ಬರೆಯುವುದಿಲ್ಲ. "ಎಷ್ಟು ಗಂಟೆಗೆ ಫೋನ್ ಮಾಡ್ಲಿ?" ಎಂದು ಕೇಳಿ ಫೋನ್ ಮಾಡುತ್ತೇವೆ. ಮಾತಾಡಿದ ಮೇಲೆ ತೀರ್ಮಾನವನ್ನು ಒಂದು ಸಾಲಿನಲ್ಲಿ ಬರೆದು ಹಾಕುತ್ತೇವೆ: "ಅಡುಗೆಮನೆ ಕಿಟಕಿ 5 ಅಡಿ, ಶನಿವಾರ ಲಿಂಟಲ್." ಸ್ವರದಲ್ಲಿ ಧಾಟಿ ಗೊತ್ತಾಗುತ್ತದೆ, ಆದರೆ ಎರಡು ತಿಂಗಳ ಮೇಲೆ ಅಳತೆ ನೆನಪಿರುವುದು ಬರಹದಲ್ಲಿ.

ಮನೆ ಕಟ್ಟಿಸುವವರಿಗೂ, ಬಟ್ಟೆ ಹೊಲಿಸುವವರಿಗೂ ಒಂದು ಮಾತು. ನಿಮ್ಮ ಕಂಟ್ರಾಕ್ಟುದಾರನೋ ಟೈಲರಮ್ಮನೋ ಹೀಗೆ ತಿರುಗಿ ಕೇಳಿದರೆ, ಇವರಿಗೆ ಬುದ್ಧಿ ಕಡಿಮೆ ಎಂದು ತಿಳಿಯಬೇಡಿ. "ಇಷ್ಟೇನಾ" ಎಂಬುದರ ಮುಂದೆ "ಕಿಟಕಿ" ಎಂದು ಒಂದು ಶಬ್ದ ಸೇರಿಸಿದರೆ ಅವರಿಗೆ ಕೇಳುವ ಕೆಲಸವೇ ಇಲ್ಲ.

ಆ ಮನೆಗೆ ಈಗ ಉಮ್ಮ ಬಂದು ಕೂತು ವರ್ಷವಾಯಿತು. ಕಿಟಕಿ ಐದು ಅಡಿ ಉಂಟು. ಬೆಳಿಗ್ಗೆಯ ಬಿಸಿಲು ಒಲೆಯ ತನಕ ಬರುತ್ತದೆ. ಹೊಸ ಲಿಂಟಲ್ ಕೂರಿಸಿದ ಜಾಗದಲ್ಲಿ ಗಾರೆಯ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಎಷ್ಟು ಪೈಂಟು ಹೊಡೆದರೂ. ಮೊನ್ನೆ ಚಾ ಕುಡಿಯಲು ಕರೆದಾಗ ನಾವಿಬ್ಬರೂ ಅದನ್ನೇ ನೋಡಿದೆವು. ಉಮ್ಮ ಕೇಳಿದರು, "ಚಾಕ್ಕೆ ಸಕ್ಕರೆ ಸಾಕಾ?" ತಮ್ಮ "ಸಾಕು" ಎಂದ. ಉಮ್ಮ ಚಮಚ ಕೈಯಲ್ಲೇ ಹಿಡಿದುಕೊಂಡು ಮತ್ತೆ ಕೇಳಿದರು: "ಸಾಕು ಅಂದ್ರೆ ಹಾಕಿದ್ದು ಸಾಕಾ, ಹಾಕುದೇ ಬೇಡವಾ?"